ಚಂದಾ ನವೀಕರಣದ ಸೂಚನೆ ಬಂದಿದೆ, ಹಣ ಮಾತ್ರ ಕಡಿತವಾಗಿಲ್ಲ: ದೋಷ ನಿವಾರಣೆ ಕೈಪಿಡಿ

ಚಂದಾ ಕಟ್ಟಿರುವ ಸೇವೆಯಿಂದ ನವೀಕರಣದ ಸೂಚನೆ ಬರುತ್ತದೆ. ಇಂಥ ದಿನ, ಇಷ್ಟು ಹಣ, ತಾನಾಗಿಯೇ ಕಡಿತವಾಗುತ್ತದೆ, ನೀವೇನೂ ಮಾಡಬೇಕಾಗಿಲ್ಲ ಎಂದು ಅದರಲ್ಲಿ ಬರೆದಿರುತ್ತದೆ. ಆದರೆ ಆ ದಿನ ಕಳೆದರೂ ಖಾತೆಯಿಂದ ಹಣ ಹೋಗಿರುವುದಿಲ್ಲ. ಎರಡು ಮೂರು ದಿನಗಳ ನಂತರ ಪಾವತಿ ವಿಫಲವಾಗಿದೆ ಎಂಬ ಸಂದೇಶ ಬಂದು ಸೇವೆ ನಿಂತುಹೋಗುತ್ತದೆ. ಖಾತೆಯಲ್ಲಿ ಹಣವಿತ್ತು, ಕಳೆದ ವರ್ಷ ಇದೇ ವ್ಯವಸ್ಥೆ ತೊಂದರೆಯಿಲ್ಲದೆ ನಡೆದಿತ್ತು, ಹಾಗಿದ್ದರೆ ದೋಷ ಎಲ್ಲಿದೆ ಎಂಬುದನ್ನು ಕಂಡುಹಿಡಿಯುವ ಕ್ರಮವನ್ನು ಈ ಬರಹದಲ್ಲಿ ವಿವರಿಸಲಾಗಿದೆ. ಇಲ್ಲಿರುವುದೆಲ್ಲ ಭಾರತದ ಬ್ಯಾಂಕ್ ಖಾತೆ, ಕಾರ್ಡ್ ಮತ್ತು ಯುಪಿಐಗೆ ಸಂಬಂಧಿಸಿದ್ದು.

ಬಹುತೇಕ ಸಂದರ್ಭಗಳಲ್ಲಿ ದೋಷದ ಸುಳಿವು ಸೂಚನೆಯಲ್ಲಿ ಬರೆದಿರುವುದರಲ್ಲಿ ಸಿಗುವುದಿಲ್ಲ, ಅದರಿಂದ ಬಿಟ್ಟುಹೋಗಿರುವುದರಲ್ಲಿ ಸಿಗುತ್ತದೆ. ಓದಲು ಸುಲಭವಾಗಲಿ ಎಂದು ಸೂಚನೆಯನ್ನು ಮೊಟಕುಗೊಳಿಸುವಾಗ ತೆರಿಗೆಯ ಮಾತು, ಪಾವತಿಯ ಮಾರ್ಗ, ಚಂದಾದಾರರು ಹಿಂದೆ ಒಪ್ಪಿಕೊಂಡಿದ್ದ ಗರಿಷ್ಠ ಮೊತ್ತ ಈ ಮೂರೂ ಮೊದಲು ಮಾಯವಾಗುತ್ತವೆ. ಪತ್ತೆ ಹಚ್ಚುವ ಕೆಲಸವೆಂದರೆ ಬಿಟ್ಟುಹೋದ ಈ ವಿವರಗಳನ್ನು ಬೇರೆ ದಾಖಲೆಗಳಿಂದ ಒಂದೊಂದಾಗಿ ಮರಳಿ ತುಂಬಿಕೊಳ್ಳುವುದು.

ಸೂಚನೆ ಒಂದಲ್ಲ, ಎರಡು

ಮೊದಲು ಮಾಡಬೇಕಾದ ಕೆಲಸವೆಂದರೆ ಕೈಯಲ್ಲಿರುವ ಸೂಚನೆಯನ್ನು ಯಾರು ಕಳಿಸಿದ್ದಾರೆ ಎಂದು ನೋಡುವುದು. ಸೇವೆ ಮಾರುವ ಕಂಪನಿ ಕಳಿಸುವ ನವೀಕರಣದ ಸೂಚನೆ ಒಂದು. ಅದು ಸಾಮಾನ್ಯವಾಗಿ ಇಮೇಲ್‌ನಲ್ಲಿ, ಕಡಿತದ ದಿನಕ್ಕಿಂತ ಸಾಕಷ್ಟು ಮುಂಚೆಯೇ ಬರುತ್ತದೆ. ಅದರ ಮಾತು, ಉದ್ದ, ವಿವರ ಎಲ್ಲವೂ ಆ ಕಂಪನಿಯ ಇಷ್ಟದಂತೆ ಇರುತ್ತವೆ. ಇನ್ನೊಂದು, ಹಣ ಕಡಿತವಾಗುವ ಮುನ್ನ ಬ್ಯಾಂಕಿನ ಕಡೆಯಿಂದ ಬರುವ ಮುನ್ಸೂಚನೆ. ಇದು ಕಂಪನಿಯ ಸೌಜನ್ಯವಲ್ಲ, ನಿಯಮ. ಭಾರತೀಯ ರಿಸರ್ವ್ ಬ್ಯಾಂಕ್ 2019ರ ಆಗಸ್ಟ್ 21ರ ಸುತ್ತೋಲೆಯಲ್ಲಿ ಕಾರ್ಡುಗಳ ಮೂಲಕ ನಡೆಯುವ ಮರುಕಳಿಸುವ ಪಾವತಿಗಳಿಗೆ ಇದನ್ನು ವಿಧಿಸಿತು; ಮರುವರ್ಷ ಯುಪಿಐಗೂ ಅದನ್ನು ವಿಸ್ತರಿಸಿತು. ಅದರ ಪ್ರಕಾರ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ತಲುಪಬೇಕು. ಅದರಲ್ಲಿ ವ್ಯಾಪಾರಿಯ ಹೆಸರು, ಮೊತ್ತ, ಕಡಿತದ ದಿನ ಮತ್ತು ಸಮಯ, ಉಲ್ಲೇಖ ಸಂಖ್ಯೆ, ಕಡಿತದ ಕಾರಣ ಇಷ್ಟಾದರೂ ಇರಬೇಕು. ಆ ಒಂದು ಕಂತನ್ನು ಅಥವಾ ಇಡೀ ಅನುಮತಿಯನ್ನೇ ಬೇಡವೆನ್ನುವ ಅವಕಾಶವೂ ಇರಬೇಕು. ಫಾಸ್ಟ್‌ಟ್ಯಾಗ್‌ನಲ್ಲಿ ಹಣ ಕಡಿಮೆಯಾದಾಗ ತಾನಾಗಿ ತುಂಬಿಕೊಳ್ಳುವಂಥ ಪಾವತಿಗಳಿಗೆ 2024ರಲ್ಲಿ ಈ ಮುನ್ಸೂಚನೆಯಿಂದ ವಿನಾಯಿತಿ ಸಿಕ್ಕಿತು, ಅದನ್ನು ಇಲ್ಲಿಗೆ ಬಿಡೋಣ.

ಈ ಎರಡು ಸೂಚನೆಗಳಲ್ಲಿ ಯಾವುದು ಬಂದಿದೆ, ಯಾವುದು ಬಂದಿಲ್ಲ ಎಂಬುದೇ ದೋಷವನ್ನು ಅರ್ಧ ಹೇಳಿಬಿಡುತ್ತದೆ. ಕಂಪನಿಯ ಇಮೇಲ್ ಮತ್ತು ಬ್ಯಾಂಕಿನ ಮುನ್ಸೂಚನೆ ಎರಡೂ ಬಂದು ಹಣ ಕಡಿತವಾಗಿಲ್ಲವೆಂದರೆ ಅನುಮತಿ ಸರಿಯಿದೆ, ಕಡಿತದ ಗಳಿಗೆಯಲ್ಲಿ ಏನೋ ಆಗಿದೆ ಎಂದರ್ಥ. ಖಾತೆಯ ಬಾಕಿ, ಕಾರ್ಡಿನ ಸ್ಥಿತಿ, ಬ್ಯಾಂಕಿನ ವ್ಯತ್ಯಯ ಇವುಗಳ ಕಡೆ ನೋಡಬೇಕು. ಕಂಪನಿಯ ಇಮೇಲ್ ಮಾತ್ರ ಬಂದು ಬ್ಯಾಂಕಿನಿಂದ ಏನೂ ಬಾರದಿದ್ದರೆ, ಕಡಿತದ ಕೋರಿಕೆ ಬ್ಯಾಂಕಿನ ತನಕ ಹೋಗಿಲ್ಲ, ಇಲ್ಲವೇ ಹೋಗಿ ಬಾಗಿಲಲ್ಲೇ ತಿರಸ್ಕೃತವಾಗಿದೆ ಎಂದು ಶಂಕಿಸಬೇಕು. ಎರಡನೆಯ ಸ್ಥಿತಿಯೇ ಹೆಚ್ಚು ಗೊಂದಲ ಹುಟ್ಟಿಸುವುದು, ಏಕೆಂದರೆ ಚಂದಾದಾರರು ಖಾತೆಯಲ್ಲಿ ಹಣವಿದೆಯೆಂದು ನೋಡಿ ನೋಡಿ ಬೇಸತ್ತಿರುತ್ತಾರೆ, ಆದರೆ ಪ್ರಶ್ನೆ ಖಾತೆಯ ತನಕ ಬಂದೇ ಇರುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ಮುನ್ಸೂಚನೆ ಎಸ್‌ಎಂಎಸ್‌ನಲ್ಲಿ ಬರಬೇಕೋ ಇಮೇಲ್‌ನಲ್ಲಿ ಬರಬೇಕೋ ಎಂಬುದನ್ನು ಅನುಮತಿ ಕೊಡುವಾಗಲೇ ಆರಿಸಿರುವ ಸಾಧ್ಯತೆಯಿದೆ. ಬ್ಯಾಂಕಿನಲ್ಲಿ ನೋಂದಾಯಿಸಿದ ಹಳೆಯ ಇಮೇಲ್ ವಿಳಾಸವನ್ನು ಈಗ ಬಳಸುತ್ತಿಲ್ಲವಾದರೆ ಸೂಚನೆ ಅಲ್ಲಿಗೆ ಹೋಗಿ ಬಿದ್ದಿರುತ್ತದೆ. ಯುಪಿಐ ಆಗಿದ್ದರೆ ಸೂಚನೆ ಆ್ಯಪ್‌ನೊಳಗಿನ ಗಂಟೆಯ ಗುರುತಿನ ಪಟ್ಟಿಯಲ್ಲಿ ಇರಬಹುದು. ಬಂದಿಲ್ಲ ಎಂದು ತೀರ್ಮಾನಿಸುವ ಮೊದಲು ಈ ಮೂರೂ ಕಡೆ ನೋಡಬೇಕು.

ಒಂದು ಪ್ರಕರಣ

ಕ್ರಮವನ್ನು ತೋರಿಸಲು ಒಂದು ಉದಾಹರಣೆಯನ್ನು ಹಿಡಿಯೋಣ. ಮೈಸೂರಿನ ಚಂದಾದಾರರೊಬ್ಬರು ಮನೆಯ ಟಿವಿಯಲ್ಲಿ ನೋಡುವ ವಿಡಿಯೊ ಸೇವೆಯೊಂದಕ್ಕೆ ವಾರ್ಷಿಕ ಚಂದಾ ಕಟ್ಟಿದ್ದಾರೆ. ಜೂನ್ 5ರಂದು ಅವರಿಗೆ ಬಂದ ಇಮೇಲ್‌ನಲ್ಲಿ ಇದ್ದದ್ದು ಇಷ್ಟೇ:

```
Your annual plan renews on 12 Jun.
₹1,499* will be auto-debited from ••4821.
No action needed.
```

ಜೂನ್ 11ರಂದು ಬ್ಯಾಂಕಿನಿಂದ ಯಾವ ಸಂದೇಶವೂ ಬರಲಿಲ್ಲ. 12ರಂದು ಹಣ ಹೋಗಲಿಲ್ಲ. 15ರಂದು ಸೇವೆ ನಿಂತಿತು. ಕಂಪನಿಯ ಸಹಾಯವಾಣಿ ನಿಮ್ಮ ಬ್ಯಾಂಕನ್ನು ಕೇಳಿ ಎಂದಿತು. ಬ್ಯಾಂಕಿನವರು ನಮ್ಮ ಕಡೆ ವಿಫಲವಾದ ಯಾವ ವ್ಯವಹಾರವೂ ಕಾಣುತ್ತಿಲ್ಲ ಎಂದರು. ಇಬ್ಬರೂ ಹೇಳಿದ್ದು ನಿಜವೇ ಆಗಿತ್ತು ಎಂಬುದು ಮುಂದೆ ತಿಳಿಯುತ್ತದೆ.

ಮೂರು ಸಾಲಿನ ಆ ಇಮೇಲ್ ಓದಲು ಸೊಗಸಾಗಿದೆ. ಆದರೆ ನಾಲ್ಕು ಅಂಕಿಗಳು ಕಾರ್ಡಿನವೋ ಖಾತೆಯವೋ ಎಂದು ಅದು ಹೇಳುವುದಿಲ್ಲ. ಮೊತ್ತದ ಪಕ್ಕದ ನಕ್ಷತ್ರ ಚಿಹ್ನೆಗೆ ವಿವರಣೆ ಆ ಸಾಲುಗಳಲ್ಲಿ ಇಲ್ಲ. ಅದು ಇಮೇಲ್‌ನ ತಳದಲ್ಲಿ, ಬೂದು ಬಣ್ಣದ ಸಣ್ಣ ಅಕ್ಷರದ ಕೊಂಡಿಯೊಂದರ ಆಚೆ ಇದೆ.

ಮೊದಲ ಶೋಧ: ಅನುಮತಿ ಎಲ್ಲಿದೆ

ಹಣ ತಾನಾಗಿ ಕಡಿತವಾಗಬೇಕಾದರೆ ಚಂದಾದಾರರು ಒಮ್ಮೆ ಒಪ್ಪಿಗೆ ಕೊಟ್ಟಿರಬೇಕು. ಬ್ಯಾಂಕಿನವರು ಇದನ್ನು ಮ್ಯಾಂಡೇಟ್ ಎನ್ನುತ್ತಾರೆ. ಕಂಪನಿಯ ಆ್ಯಪ್‌ನಲ್ಲಿ ಕಾಣುವ ಚಂದಾ ಬೇರೆ, ಈ ಮ್ಯಾಂಡೇಟ್ ಬೇರೆ. ಒಂದು ಕಂಪನಿಯ ದಾಖಲೆಯಲ್ಲಿ ಇರುತ್ತದೆ, ಮತ್ತೊಂದು ಬ್ಯಾಂಕ್ ಮತ್ತು ಪಾವತಿ ಜಾಲದ ದಾಖಲೆಯಲ್ಲಿ. ಚಂದಾ ಚಾಲ್ತಿಯಲ್ಲಿದ್ದು ಮ್ಯಾಂಡೇಟ್ ಸತ್ತಿರಬಹುದು, ಚಂದಾ ರದ್ದಾಗಿದ್ದರೂ ಮ್ಯಾಂಡೇಟ್ ಜೀವಂತವಾಗಿರಬಹುದು. ಆ್ಯಪನ್ನು ಮೊಬೈಲ್‌ನಿಂದ ಅಳಿಸಿದರೆ ಇವೆರಡರಲ್ಲಿ ಒಂದೂ ರದ್ದಾಗುವುದಿಲ್ಲ.

ನಾಲ್ಕು ಅಂಕಿಗಳನ್ನು ಮೊದಲು ಕೈಯಲ್ಲಿರುವ ಕಾರ್ಡುಗಳೊಂದಿಗೆ, ಆಮೇಲೆ ಖಾತೆ ಸಂಖ್ಯೆಗಳೊಂದಿಗೆ ಹೋಲಿಸಬೇಕು. ಕಾರ್ಡಿಗೆ ಹೊಂದಿದರೆ ಆ ಕಾರ್ಡ್ ಕೊಟ್ಟ ಬ್ಯಾಂಕಿನ ಆ್ಯಪ್ ಅಥವಾ ಜಾಲತಾಣದಲ್ಲಿ `e-mandate` ಅಥವಾ `Standing Instructions` ಎಂಬ ಹೆಸರಿನ ಪುಟವನ್ನು ಹುಡುಕಬೇಕು. ಹಲವು ಬ್ಯಾಂಕುಗಳು ಕಾರ್ಡ್ ಮ್ಯಾಂಡೇಟ್‌ಗಳನ್ನು ಸ್ವತಃ ತೋರಿಸದೆ ಬಿಲ್‌ಡೆಸ್ಕ್ ಎಂಬ ಪಾವತಿ ಕಂಪನಿ ನಡೆಸುವ `sihub.in` ನಂಥ ತಾಣಕ್ಕೆ ಕಳಿಸುತ್ತವೆ. ಖಾತೆಗೆ ಹೊಂದಿದರೆ ಎರಡು ಸಾಧ್ಯತೆಗಳಿವೆ. ಒಂದು ಯುಪಿಐ ಆಟೋಪೇ. ಅದರ ಗುರುತಿನ ಸಂಖ್ಯೆಗೆ `UMN` ಎಂದು ಹೆಸರು. ಇನ್ನೊಂದು, ಸಾಲದ ಕಂತು ಮತ್ತು ವಿಮೆಯ ಪ್ರೀಮಿಯಂಗೆ ಹೆಚ್ಚಾಗಿ ಬಳಕೆಯಾಗುವ ನ್ಯಾಚ್ ವ್ಯವಸ್ಥೆ. ಅದರ ಗುರುತಿಗೆ `UMRN` ಎಂದು ಹೆಸರು. ವಿಡಿಯೊ, ಸಂಗೀತ, ಸುದ್ದಿಪತ್ರಿಕೆಯಂಥ ಸಣ್ಣ ಚಂದಾಗಳು ಸಾಮಾನ್ಯವಾಗಿ ಕಾರ್ಡ್ ಅಥವಾ ಯುಪಿಐ ಆಟೋಪೇಯಲ್ಲೇ ಇರುತ್ತವೆ.

ಯುಪಿಐ ಆಗಿದ್ದರೆ ಇನ್ನೊಂದು ತೊಡಕಿದೆ. ಒಂದೇ ಖಾತೆಯನ್ನು ಮೂರು ಯುಪಿಐ ಆ್ಯಪ್‌ಗಳಿಗೆ ಜೋಡಿಸಿರುವವರು ಬಹಳ ಮಂದಿ, ಮ್ಯಾಂಡೇಟ್ ಮಾತ್ರ ಯಾವ ಆ್ಯಪ್‌ನಲ್ಲಿ ಒಪ್ಪಿಗೆ ಕೊಟ್ಟಿದ್ದರೋ ಆ ಆ್ಯಪ್‌ನ ವಿಳಾಸಕ್ಕೆ ಕಟ್ಟಿಕೊಂಡಿರುತ್ತದೆ. ದಿನವೂ ಬಳಸುವ ಆ್ಯಪ್‌ನಲ್ಲಿ ಕಾಣಲಿಲ್ಲವೆಂದು ಮ್ಯಾಂಡೇಟೇ ಇಲ್ಲವೆಂದು ತಿಳಿಯಬಾರದು. ಕಳೆದ ವರ್ಷದ ಕಡಿತದ ಸಂದೇಶವನ್ನು ಹುಡುಕಿ ತೆಗೆದರೆ ಅದರಲ್ಲಿ `UMN` ಇರಬಹುದು. ಅದರ ಬಾಲದಲ್ಲಿ `@` ನಂತರ ಬರುವ ಅಕ್ಷರಗಳು ಆ್ಯಪನ್ನು ತೋರಿಸಿಕೊಡುತ್ತವೆ. `@ybl` ಎಂದಿದ್ದರೆ ಫೋನ್‌ಪೇ, `@okaxis` ಅಥವಾ `@okhdfcbank` ಎಂದಿದ್ದರೆ ಗೂಗಲ್ ಪೇ. ಆ ಆ್ಯಪ್‌ನಲ್ಲಿ `Autopay` ಎಂಬ ವಿಭಾಗವನ್ನು ತೆರೆದರೆ ಮ್ಯಾಂಡೇಟ್‌ಗಳ ಪಟ್ಟಿ ಸಿಗುತ್ತದೆ.

ನಮ್ಮ ಪ್ರಕರಣದಲ್ಲಿ 4821 ಎಂಬುದು ಚಂದಾದಾರರ ಯಾವ ಕಾರ್ಡಿನ ಕೊನೆಯ ಅಂಕಿಯೂ ಆಗಿರಲಿಲ್ಲ, ಉಳಿತಾಯ ಖಾತೆಯದ್ದಾಗಿತ್ತು. ಈಗ ಬಳಸದೆ ಬಿಟ್ಟಿದ್ದ ಹಳೆಯ ಯುಪಿಐ ಆ್ಯಪ್‌ನ `Autopay` ಪಟ್ಟಿಯಲ್ಲಿ ಮ್ಯಾಂಡೇಟ್ ಸಿಕ್ಕಿತು. ಸ್ಥಿತಿ: `Active`. ಅಂದರೆ ಅದು ರದ್ದಾಗಿರಲಿಲ್ಲ, ತಡೆಹಿಡಿಯಲ್ಪಟ್ಟಿರಲಿಲ್ಲ, ಅವಧಿಯೂ ಮುಗಿದಿರಲಿಲ್ಲ. ಇಲ್ಲಿಗೆ ಹಲವರು ಹುಡುಕಾಟ ನಿಲ್ಲಿಸಿ ದೋಷ ಬ್ಯಾಂಕಿನದೇ ಎಂದು ತೀರ್ಮಾನಿಸಿಬಿಡುತ್ತಾರೆ. ಅದೇ ಪುಟದಲ್ಲಿ ಇನ್ನೊಂದು ಸಾಲಿದೆ, ಅದನ್ನು ಓದಲೇಬೇಕು.

ಎರಡನೆಯ ಶೋಧ: ಗರಿಷ್ಠ ಮೊತ್ತ

ಮ್ಯಾಂಡೇಟ್ ಕೊಡುವಾಗ ಮೊತ್ತದ ಬಗ್ಗೆ ಎರಡು ಬಗೆಯ ಒಪ್ಪಿಗೆ ಇರುತ್ತದೆ. ಪ್ರತಿ ಬಾರಿಯೂ ನಿಗದಿತ ಮೊತ್ತವೇ ಕಡಿತವಾಗಬೇಕು ಎಂಬುದು ಒಂದು. ಇಷ್ಟರ ಒಳಗೆ ಎಷ್ಟಾದರೂ ಕಡಿತವಾಗಬಹುದು ಎಂಬುದು ಇನ್ನೊಂದು. ಎರಡನೆಯದರಲ್ಲಿ ಪರದೆಯ ಮೇಲೆ `Upto` ಅಥವಾ `Max amount` ಎಂಬ ಮಾತಿನ ಜೊತೆ ಒಂದು ಅಂಕಿ ಇರುತ್ತದೆ. ಚಂದಾ ಕಂಪನಿಗಳು ಬೆಲೆ ಏರಿಸುವ ಅವಕಾಶ ಇಟ್ಟುಕೊಳ್ಳಲು ಸಾಮಾನ್ಯವಾಗಿ ಎರಡನೆಯದನ್ನೇ ಕೇಳುತ್ತವೆ. ಒಪ್ಪಿಗೆ ಕೊಟ್ಟ ದಿನ ಆ ಅಂಕಿಯನ್ನು ಗಮನಿಸಿದವರು ಕಡಿಮೆ, ನೆನಪಿಟ್ಟವರು ಇನ್ನೂ ಕಡಿಮೆ. ಅದಕ್ಕಿಂತ ಒಂದು ಪೈಸೆ ಹೆಚ್ಚಾದರೂ ಹಳೆಯ ಒಪ್ಪಿಗೆಯ ಮೇಲೆ ಕಡಿತ ನಡೆಯುವುದಿಲ್ಲ.

ಈ ಚಂದಾದಾರರ ಮ್ಯಾಂಡೇಟಿನಲ್ಲಿ `Upto ₹1,500` ಎಂದಿತ್ತು. ಇಮೇಲ್‌ನಲ್ಲಿದ್ದದ್ದು 1,499 ರೂಪಾಯಿ. ಮೇಲ್ನೋಟಕ್ಕೆ ಒಂದು ರೂಪಾಯಿ ಉಳಿದೇ ಇದೆ, ಕಡಿತ ಆಗಬೇಕಿತ್ತು. ಆದರೆ ನಕ್ಷತ್ರ ಚಿಹ್ನೆಯ ಕೊಂಡಿಯನ್ನು ತೆರೆದು ನೋಡಿದರೆ ಬೆಲೆಗೆ ತೆರಿಗೆ ಪ್ರತ್ಯೇಕ ಎಂದು ಬರೆದಿತ್ತು. ಇಂಥ ಆನ್‌ಲೈನ್ ಸೇವೆಗಳ ಮೇಲಿನ ಜಿಎಸ್‌ಟಿ ಶೇಕಡಾ 18. 1,499 ರೂಪಾಯಿಗೆ ಅದು 269 ರೂಪಾಯಿ 82 ಪೈಸೆ, ಒಟ್ಟು ಮೊತ್ತ 1,768 ರೂಪಾಯಿ 82 ಪೈಸೆ. ಒಪ್ಪಿಗೆಯ ಮಿತಿಯನ್ನು ಅದು 268 ರೂಪಾಯಿಗೂ ಹೆಚ್ಚು ಮೀರಿತ್ತು.

ಕಳೆದ ವರ್ಷ ಏಕೆ ತೊಂದರೆಯಾಗಲಿಲ್ಲ ಎಂಬ ಪ್ರಶ್ನೆಗೂ ಇದರಲ್ಲೇ ಉತ್ತರವಿದೆ. ಆಗ ವಾರ್ಷಿಕ ಬೆಲೆ 999 ರೂಪಾಯಿ ಇತ್ತು. ತೆರಿಗೆ ಸೇರಿ 1,178 ರೂಪಾಯಿ 82 ಪೈಸೆ ಕಡಿತವಾಗಿತ್ತು. ಹಳೆಯ ಪಾಸ್‌ಬುಕ್ ನಮೂದನ್ನು ತೆಗೆದು ನೋಡಿದಾಗ ಬೆಲೆಗೂ ಕಡಿತಕ್ಕೂ ನಡುವಿನ ಈ ವ್ಯತ್ಯಾಸ ಕಂಡುಬಂತು. ಇದೊಂದು ಒಳ್ಳೆಯ ಪರೀಕ್ಷೆ: ಹಿಂದಿನ ಬಾರಿ ನಿಜವಾಗಿ ಕಡಿತವಾದ ಮೊತ್ತವನ್ನು ಆಗಿನ ಘೋಷಿತ ಬೆಲೆಯಿಂದ ಭಾಗಿಸಿದಾಗ 1.18 ಬಂದರೆ ಆ ಕಂಪನಿಯ ಬೆಲೆಗಳಲ್ಲಿ ತೆರಿಗೆ ಸೇರಿರುವುದಿಲ್ಲ, 1 ಬಂದರೆ ಸೇರಿರುತ್ತದೆ. ನಕ್ಷತ್ರ ಚಿಹ್ನೆಯ ಅರ್ಥವನ್ನು ಕಂಪನಿ ಹೇಳದಿದ್ದರೂ ಪಾಸ್‌ಬುಕ್ ಹೇಳುತ್ತದೆ.

ಬ್ಯಾಂಕಿನ ಮುನ್ಸೂಚನೆ ಬಾರದಿದ್ದುದು ಮತ್ತು ಬ್ಯಾಂಕಿನವರಿಗೆ ವಿಫಲ ವ್ಯವಹಾರ ಕಾಣದಿದ್ದುದು ಇದೇ ಕಾರಣದಿಂದ. ಮಿತಿ ಮೀರಿದ ಕೋರಿಕೆ ಖಾತೆಯನ್ನು ತಲುಪುವ ಮೊದಲೇ ಹಿಂದಿರುಗಿತ್ತು. ಕಂಪನಿಯ ದಾಖಲೆಯಲ್ಲಿ ಅದು ಬ್ಯಾಂಕಿನ ಕಡೆಯಿಂದ ಬಂದ ತಿರಸ್ಕಾರ, ಬ್ಯಾಂಕಿನ ದಾಖಲೆಯಲ್ಲಿ ನಡೆಯದೇ ಇದ್ದ ವ್ಯವಹಾರ.

ಇದರ ಮೇಲೊಂದು ಸಾರ್ವತ್ರಿಕ ಮಿತಿಯೂ ಇದೆ, ಎರಡನ್ನೂ ಬೆರೆಸಬಾರದು. ಪ್ರತಿ ಬಾರಿ ಒಟಿಪಿ ಅಥವಾ ಪಿನ್ ಕೇಳದೆ ಕಡಿತ ಮಾಡಲು ರಿಸರ್ವ್ ಬ್ಯಾಂಕ್ 2022ರ ಜೂನ್‌ನಲ್ಲಿ ನಿಗದಿಪಡಿಸಿದ ಮಿತಿ 15,000 ರೂಪಾಯಿ. ಮ್ಯೂಚುವಲ್ ಫಂಡ್, ವಿಮೆಯ ಪ್ರೀಮಿಯಂ, ಕ್ರೆಡಿಟ್ ಕಾರ್ಡ್ ಬಿಲ್ ಈ ಮೂರಕ್ಕೆ 2023ರ ಡಿಸೆಂಬರ್‌ನಲ್ಲಿ ಅದನ್ನು ಒಂದು ಲಕ್ಷಕ್ಕೆ ಏರಿಸಲಾಯಿತು. ಕಚೇರಿಗೆ ಕೊಂಡ ಸಾಫ್ಟ್‌ವೇರ್‌ನ ವಾರ್ಷಿಕ ಚಂದಾ 14,000 ರೂಪಾಯಿ ಎಂದಿದ್ದು ತೆರಿಗೆ ಸೇರಿ 16,520 ಆಗಿ ಈ ಗೆರೆಯನ್ನು ದಾಟುವುದುಂಟು. ಆಗ ಮ್ಯಾಂಡೇಟಿನ ಸ್ವಂತ ಮಿತಿ ಸಾಕಷ್ಟಿದ್ದರೂ ಚಂದಾದಾರರು ಆ ಕಂತನ್ನು ಸ್ವತಃ ದೃಢೀಕರಿಸಬೇಕಾಗುತ್ತದೆ. ದೃಢೀಕರಿಸದೆ ಬಿಟ್ಟರೆ ಕಡಿತವಾಗುವುದಿಲ್ಲ. “ನೀವೇನೂ ಮಾಡಬೇಕಾಗಿಲ್ಲ” ಎಂಬ ಮಾತು ಇಲ್ಲಿ ನೇರವಾಗಿ ತಪ್ಪು.

ಗರಿಷ್ಠ ಮೊತ್ತ ಸರಿಯಿದ್ದರೆ ಮುಂದೇನು

ಮಿತಿ ಸಾಕಷ್ಟಿದ್ದೂ ಕಡಿತವಾಗಿಲ್ಲವೆಂದರೆ ಮ್ಯಾಂಡೇಟಿನ ಸ್ಥಿತಿಯನ್ನು ನೋಡಬೇಕು. ಯುಪಿಐ ಆಟೋಪೇಯಲ್ಲಿ ತಾತ್ಕಾಲಿಕವಾಗಿ ತಡೆಹಿಡಿಯುವ ಸೌಲಭ್ಯವಿದೆ. ಯಾವುದೋ ತಿಂಗಳು ಖರ್ಚು ಹೆಚ್ಚಾಯಿತೆಂದು `Pause` ಒತ್ತಿ ಮರೆತಿದ್ದರೆ ಸ್ಥಿತಿ ಹಾಗೆಯೇ ಉಳಿದಿರುತ್ತದೆ. ಕಾರ್ಡಿನಲ್ಲಾದರೆ ಮೊದಲ ಶಂಕೆ ಕಾರ್ಡ್ ಬದಲಾವಣೆಯ ಮೇಲೆ ಹೋಗಬೇಕು. ಅವಧಿ ಮುಗಿದು ಅಥವಾ ಕಳೆದುಹೋಗಿ ಹೊಸ ಕಾರ್ಡ್ ಬಂದಿದ್ದರೆ ಹಳೆಯ ಕಾರ್ಡಿನ ಮೇಲಿನ ಮ್ಯಾಂಡೇಟ್ ಹೊಸದಕ್ಕೆ ತಾನಾಗಿ ದಾಟುತ್ತದೆಂಬ ಭರವಸೆಯಿಲ್ಲ. ಕಂಪನಿಯ ಸೂಚನೆ ಮಾತ್ರ ತನ್ನಲ್ಲಿರುವ ಹಳೆಯ ನಾಲ್ಕು ಅಂಕಿಗಳನ್ನೇ ಅಚ್ಚುಮಾಡುತ್ತಾ ಹೋಗುತ್ತದೆ. ಸೂಚನೆಯಲ್ಲಿರುವ ನಾಲ್ಕು ಅಂಕಿಗಳು ಕೈಯಲ್ಲಿರುವ ಯಾವ ಕಾರ್ಡಿಗೂ ಯಾವ ಖಾತೆಗೂ ಹೊಂದದಿದ್ದರೆ ಹೆಚ್ಚಿನ ಹುಡುಕಾಟ ಬೇಡ, ದೋಷ ಇದೇ.

ಎರಡೂ ಸೂಚನೆಗಳು ಬಂದು ಕಡಿತ ವಿಫಲವಾಗಿದ್ದರೆ ಆ ದಿನದ ಬಾಕಿಯನ್ನು ಗಳಿಗೆಯ ಲೆಕ್ಕದಲ್ಲಿ ನೋಡಬೇಕು. 2025ರ ಆಗಸ್ಟ್‌ನಿಂದ ಯುಪಿಐ ಆಟೋಪೇ ಕಡಿತಗಳು ದಟ್ಟಣೆಯ ಹೊತ್ತಿನಲ್ಲಿ, ಅಂದರೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ ಮತ್ತು ಸಂಜೆ 5ರಿಂದ ರಾತ್ರಿ 9.30ರವರೆಗೆ ನಡೆಯುವುದಿಲ್ಲ, ಒಂದು ಪ್ರಯತ್ನ ಮತ್ತು ಅದು ವಿಫಲವಾದರೆ ಮೂರು ಮರುಪ್ರಯತ್ನಗಳಿಗೆ ಮಾತ್ರ ಅವಕಾಶ. ಹಾಗಾಗಿ ಬೆಳಗಿನ ಜಾವ ಖಾತೆಯಲ್ಲಿ ಹಣವಿಲ್ಲದೆ, ಹನ್ನೊಂದು ಗಂಟೆಗೆ ಸಂಬಳ ಬಿದ್ದಿದ್ದರೆ ಮೊದಲ ಪ್ರಯತ್ನ ಸೋತಿರಬಹುದು. ದಿನದ ಕೊನೆಯ ಬಾಕಿಯನ್ನು ನೋಡಿ ಹಣವಿತ್ತಲ್ಲ ಎಂದು ವಾದಿಸುವುದರಿಂದ ಪ್ರಯೋಜನವಿಲ್ಲ.

ವ್ಯಾಪಾರಿಯ ಹೆಸರು ಹೊಂದದಿರುವುದು ದೋಷವಲ್ಲ, ಆದರೆ ದೋಷದಂತೆ ಕಾಣುತ್ತದೆ. ಚಂದಾ ಕಟ್ಟಿದ್ದು ಒಂದು ಆ್ಯಪ್‌ಗೆ, ಬ್ಯಾಂಕಿನ ಸಂದೇಶದಲ್ಲಿರುವುದು ಗೂಗಲ್ ಪ್ಲೇ ಎಂಬ ಹೆಸರು. ಅಥವಾ ಕಂಪನಿಯ ನೋಂದಾಯಿತ ಹೆಸರು ಬೇರೆ, ಮಾರುಕಟ್ಟೆಯ ಹೆಸರು ಬೇರೆ. ಎಸ್‌ಎಂಎಸ್‌ನಲ್ಲಿ ಜಾಗ ಸಾಲದೆ ಆ ಹೆಸರೂ ಅರ್ಧಕ್ಕೆ ತುಂಡಾಗಿರುತ್ತದೆ. ಗಾಬರಿಯಿಂದ ಬೇಡವೆಂದು ಒತ್ತಿದರೆ ಸರಿಯಾದ ಚಂದಾವೇ ನಿಂತುಹೋಗುತ್ತದೆ. ಮೊತ್ತ ಮತ್ತು ದಿನ ಎರಡೂ ಯಾವುದಾದರೂ ಚಂದಾಕ್ಕೆ ಹೊಂದುತ್ತವೆಯೇ ಎಂದು ನೋಡಿಕೊಂಡು ಮುಂದುವರಿಯಬೇಕು.

ಸರಿಪಡಿಸುವ ಕ್ರಮ

ಮಿತಿ ಸಾಲದ ಪ್ರಕರಣದಲ್ಲಿ ಹೊಸ ಮ್ಯಾಂಡೇಟ್ ಕೊಡುವುದೇ ಸಾಮಾನ್ಯವಾಗಿ ಇರುವ ದಾರಿ. ಇಲ್ಲಿ ಕೆಲಸದ ಅನುಕ್ರಮ ಮುಖ್ಯ. ಕಂಪನಿಯ ಆ್ಯಪ್‌ನಲ್ಲಿ ಚಂದಾ ಇನ್ನೂ ಬಾಕಿಯೆಂದು ಕಾಣುತ್ತಿದೆಯೇ, ರದ್ದಾಗಿಬಿಟ್ಟಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಬಾಕಿಯೆಂದಿದ್ದರೆ ಮರುಪ್ರಯತ್ನ ಇನ್ನೂ ನಡೆಯಬಹುದು. ಆ ಸ್ಥಿತಿಯಲ್ಲಿ ಅವಸರದಿಂದ ಹೊಸದಾಗಿ ಚಂದಾ ಕೊಂಡರೆ ಎರಡು ಚಂದಾ, ಎರಡು ಮ್ಯಾಂಡೇಟ್ ಆಗುವ ಅಪಾಯವಿದೆ. ಈ ವರ್ಷ ಮಿತಿಯ ಕಾರಣದಿಂದ ಹಳೆಯದು ಸುಮ್ಮನಿದ್ದರೂ ಕಂಪನಿ ಬೆಲೆ ಇಳಿಸಿದ ವರ್ಷ ಎರಡೂ ಕಡಿತವಾಗುತ್ತವೆ. ಆದ್ದರಿಂದ ಇರುವ ಚಂದಾದೊಳಗೇ ಪಾವತಿ ವಿಧಾನ ಬದಲಿಸುವ ಆಯ್ಕೆಯನ್ನು ಬಳಸಿ ಹೊಸ ಒಪ್ಪಿಗೆ ಕೊಡಬೇಕು. ಒಪ್ಪಿಗೆಯ ಪರದೆಯಲ್ಲಿ ಮಿತಿ, ಆವರ್ತನ, ಕೊನೆಯ ದಿನಾಂಕ ಈ ಮೂರನ್ನು ಓದಿ ಅದರ ಚಿತ್ರ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಹೊಸದರಲ್ಲಿ ಮೊದಲ ಕಡಿತ ಆಗಿ, ಸೇವೆ ಮರಳಿದ ಮೇಲೆ ಹಳೆಯ ಆ್ಯಪ್‌ಗೆ ಹೋಗಿ ಹಳೆಯ ಮ್ಯಾಂಡೇಟನ್ನು ರದ್ದುಮಾಡಬೇಕು.

ಮಿತಿಯನ್ನು ಎಷ್ಟಕ್ಕೆ ಒಪ್ಪಬೇಕು ಎಂಬುದರಲ್ಲಿ ಅಭಿಪ್ರಾಯ ಭೇದವಿದೆ. ಕೆಲವು ಕಂಪನಿಗಳು 400 ರೂಪಾಯಿಯ ಮಾಸಿಕ ಚಂದಾಕ್ಕೂ 15,000ದ ಮಿತಿ ಕೇಳುತ್ತವೆ. ಬದಲಿಸುವ ಅವಕಾಶವಿದ್ದರೆ ತೆರಿಗೆ ಸೇರಿದ ಈಗಿನ ಮೊತ್ತಕ್ಕಿಂತ ಸ್ವಲ್ಪವೇ ಹೆಚ್ಚಿನ ಅಂಕಿ ಸಾಕು ಎಂಬುದು ನನ್ನ ನಿಲುವು. ಬೆಲೆ ತೀರ ಏರಿದ ವರ್ಷ ಕಡಿತ ವಿಫಲವಾಗಿ ನಮ್ಮನ್ನು ಮತ್ತೆ ಕೇಳುವಂತಾಗುವುದು ತೊಂದರೆಯಲ್ಲ, ಮಿತಿಯ ಉದ್ದೇಶವೇ ಅದು.

ರದ್ದುಮಾಡುವಾಗ ಯುಪಿಐ ಆ್ಯಪ್ ಪಿನ್ ಕೇಳುತ್ತದೆ. ಹಣ ಕೊಡಲು ಮಾತ್ರ ಪಿನ್ ಬೇಕು, ಬೇರೆ ಯಾವುದಕ್ಕೂ ಒತ್ತಬಾರದು ಎಂದು ಕಲಿತವರು ಇಲ್ಲಿ ಹಿಂಜರಿಯುತ್ತಾರೆ. ಹಿಂಜರಿಕೆ ಸರಿಯೇ, ಆದರೆ ನೋಡಬೇಕಾದದ್ದು ಆ ಪರದೆಗೆ ಹೇಗೆ ಬಂದಿರಿ ಎಂಬುದನ್ನು. ಆ್ಯಪನ್ನು ತಾವೇ ತೆರೆದು, `Autopay` ಪಟ್ಟಿಯೊಳಗೆ ಹೋಗಿ, ಆ ಮ್ಯಾಂಡೇಟನ್ನೇ ಆರಿಸಿ ಬಂದಿದ್ದರೆ ಪಿನ್ ಕೊಡುವುದರಲ್ಲಿ ತಪ್ಪಿಲ್ಲ. ನವೀಕರಣ ನಿಲ್ಲಿಸಲು ಇಲ್ಲಿ ಒತ್ತಿ ಎಂದು ಸಂದೇಶದಲ್ಲಿ ಬಂದ ಕೊಂಡಿಯಿಂದ ಅಲ್ಲಿಗೆ ತಲುಪಿದ್ದರೆ ಕೊಡಬಾರದು. ಅದು ರದ್ದತಿಯ ವೇಷದಲ್ಲಿ ಬಂದ ಹೊಸ ಒಪ್ಪಿಗೆಯಾಗಿರಬಹುದು. ಮೊಟಕಾದ ಸೂಚನೆಗಳಿಗೆ ಜನ ಒಗ್ಗಿಹೋಗಿರುವುದೇ ವಂಚಕರಿಗೆ ಅನುಕೂಲ. ಹೆಸರಿಲ್ಲದ, ಕಾರಣವಿಲ್ಲದ, ಕೊಂಡಿ ಮಾತ್ರ ಇರುವ ಎರಡು ಸಾಲು ಯಾರಿಗೂ ಅಸಹಜವಾಗಿ ಕಾಣುವುದಿಲ್ಲ.

ಒಪ್ಪಿಗೆಯೇ ಕೊಡದ ಕಡಿತವಾಗಿದ್ದರೆ ತಡಮಾಡದೆ ಬ್ಯಾಂಕಿಗೆ ಬರಹದಲ್ಲಿ ತಿಳಿಸಬೇಕು. ರಿಸರ್ವ್ ಬ್ಯಾಂಕಿನ 2017ರ ನಿಯಮದಂತೆ, ಗ್ರಾಹಕರ ತಪ್ಪಿಲ್ಲದೆ ಹೊರಗಿನವರಿಂದ ನಡೆದ ಅನಧಿಕೃತ ವ್ಯವಹಾರವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟದ ಹೊಣೆ ಗ್ರಾಹಕರ ಮೇಲೆ ಬೀಳುವುದಿಲ್ಲ. ಬ್ಯಾಂಕ್ 30 ದಿನಗಳಲ್ಲಿ ಉತ್ತರ ಕೊಡದಿದ್ದರೆ `cms.rbi.org.in` ನಲ್ಲಿ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಚಂದಾ ರದ್ದುಮಾಡಲು ಕಂಪನಿಯೇ ದಾರಿ ಕೊಡದೆ ಸತಾಯಿಸುತ್ತಿದ್ದರೆ ಅದು ಬ್ಯಾಂಕಿನ ವಿಷಯವಲ್ಲ. ಅದಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಸೂಚನೆ ಬರೆಯುವವರಿಗೆ

ನಮ್ಮ ಪ್ರಕರಣದ ಕಂಪನಿಗೆ ಮೊತ್ತವೂ ಗೊತ್ತಿತ್ತು, ಮಿತಿಯೂ ಗೊತ್ತಿತ್ತು. ಜೂನ್ 5ರಂದೇ ಎರಡನ್ನೂ ಹೋಲಿಸಿ ನೋಡಿದ್ದರೆ ಕಡಿತ ವಿಫಲವಾಗುವುದು ಏಳು ದಿನ ಮೊದಲೇ ತಿಳಿಯುತ್ತಿತ್ತು. ಸೂಚನೆಯನ್ನು ಮೊಟಕುಗೊಳಿಸುವುದರಲ್ಲಿ ತಪ್ಪಿಲ್ಲ. ಸೇವೆಯ ಗುಣಗಾನ, ಹೊಸ ಸೌಲಭ್ಯಗಳ ಪಟ್ಟಿ, ಕೃತಜ್ಞತೆಯ ಮಾತು ಎಲ್ಲವನ್ನೂ ಬಿಡಬಹುದು. ಬಿಡಬಾರದ್ದು ತೆರಿಗೆ ಸೇರಿದ ಮೊತ್ತ, ಪಾವತಿಯ ಮಾರ್ಗ, ಬ್ಯಾಂಕಿನ ಸಂದೇಶದಲ್ಲಿ ಕಾಣುವ ಹೆಸರು ಮತ್ತು ಒಪ್ಪಿಗೆಯ ಮಿತಿ. ಇವನ್ನೆಲ್ಲ ಉಳಿಸಿಕೊಂಡರೂ ಸೂಚನೆ ಆರು ವಾಕ್ಯ ದಾಟುವುದಿಲ್ಲ:

“ನಿಮ್ಮ ವಾರ್ಷಿಕ ಚಂದಾ ಜೂನ್ 12ರಂದು ನವೀಕರಣವಾಗಬೇಕಿದೆ. ತೆರಿಗೆ ಸೇರಿ ಕಡಿತವಾಗುವ ಮೊತ್ತ ₹1,768.82. ಯುಪಿಐ ಆಟೋಪೇ ಮೂಲಕ, 4821ರಲ್ಲಿ ಕೊನೆಗೊಳ್ಳುವ ಬ್ಯಾಂಕ್ ಖಾತೆಯಿಂದ, ನಮ್ಮ ನೋಂದಾಯಿತ ಹೆಸರಿನಲ್ಲಿ ಕಡಿತವಾಗುತ್ತದೆ. ನೀವು ಒಪ್ಪಿರುವ ಗರಿಷ್ಠ ಮೊತ್ತ ₹1,500 ಆಗಿರುವುದರಿಂದ ಹಳೆಯ ಒಪ್ಪಿಗೆಯಲ್ಲಿ ಇದು ಸಾಧ್ಯವಿಲ್ಲ. ಮುಂದುವರಿಸಲು ಇಚ್ಛೆಯಿದ್ದರೆ ಜೂನ್ 10ರೊಳಗೆ ನಮ್ಮ ಆ್ಯಪ್‌ನ ಪಾವತಿ ಪುಟದಲ್ಲಿ ಹೊಸ ಒಪ್ಪಿಗೆ ಕೊಡಿ. ಕೊಡದಿದ್ದರೆ ಚಂದಾ ನಿಲ್ಲುತ್ತದೆ, ಹಣ ಕಡಿತವಾಗುವುದಿಲ್ಲ.”